ಬಾಡಿಗೆಗಿದ್ದ ಮನೆಯನ್ನೇ ಕೊಳ್ಳುವ ಮಾತು ಬಂದಾಗ ನಾವು ಹಾಕಿದ ಲೆಕ್ಕ

ಬಾಡಿಗೆ ಮನೆಗೂ ಕೊಳ್ಳುವ ಮನೆಗೂ ಹೋಲಿಕೆ ಮಾಡುವಾಗ ಬರುವ ದೊಡ್ಡ ತೊಡಕು ಎಂದರೆ ಎರಡೂ ಒಂದೇ ಮನೆ ಆಗಿರುವುದಿಲ್ಲ. ಬಾಡಿಗೆಗೆ ಎರಡು ರೂಮಿನ ಹಳೇ ಮನೆ ನೋಡುತ್ತೇವೆ, ಕೊಳ್ಳುವುದಕ್ಕೆ ಹೊಸ ಡ್ಯೂಪ್ಲೆಕ್ಸ್ ನೋಡುತ್ತೇವೆ, ಆಮೇಲೆ ಎರಡನ್ನೂ ತೂಗುತ್ತೇವೆ. ನಮಗೆ ಆ ತೊಡಕು ಇರಲಿಲ್ಲ. ತುಮಕೂರಿನ ಬಟವಾಡಿ ಕಡೆ ನಾವು ಬಾಡಿಗೆಗಿರುವ ಮನೆಯನ್ನೇ ಓನರ್ ಮಾರಲು ಹೊರಟರು. ಮೂವತ್ತು ನಲವತ್ತರ ಸೈಟು, ನೆಲಮಹಡಿಯಲ್ಲಿ ಎರಡು ಬೆಡ್‌ರೂಮು, ಸಂಪು, ಮೇಲೆ ಖಾಲಿ ತಾರಸಿ. ಬಾಡಿಗೆ ತಿಂಗಳಿಗೆ 15,000. ಅಡ್ವಾನ್ಸ್ ಒಂದೂವರೆ ಲಕ್ಷ. ಮಾರುವ ಬೆಲೆ 70 ಲಕ್ಷ. ಅದೇ ಗೋಡೆ, ಅದೇ ಅಡುಗೆಮನೆ, ಅದೇ ನಲ್ಲಿ ನೀರು. ಹಾಗಾಗಿ ಉಳಿದ ಪ್ರಶ್ನೆ ದುಡ್ಡಿನದು ಮಾತ್ರ.

ನಾನು ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ನಮ್ಮೆಜಮಾನ್ರು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿದ್ದಾರೆ. ವಿಷಯ ಕಿವಿಗೆ ಬಿದ್ದ ಕೂಡಲೇ ಗುಬ್ಬಿ ಕಡೆಯ ಊರಿನಿಂದ ಮಾವನವರು ಬಂದು ಕೂತರು. "ತಗೊಂಡ್ಬಿಡಮ್ಮ. ಬಾಡಿಗೆ ಕಟ್ಟೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ" ಅಂದರು. ಅವರ ಮಾತಿನಲ್ಲಿ ಒಂದು ಅರ್ಧಸತ್ಯ ಇದೆ. ಬಾಡಿಗೆ ವಾಪಸ್ ಬರುವುದಿಲ್ಲ, ನಿಜ. ಆದರೆ ಕೊಂಡ ಮನೆಯಲ್ಲೂ ವಾಪಸ್ ಬರದ ದುಡ್ಡು ಇರುತ್ತದೆ, ಅದು ಬಾಡಿಗೆಯ ಹಾಗೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಮೊದಲು ಕೈಯಿಂದ ಎಷ್ಟು ಹೋಗುತ್ತದೆ ಎಂದು ಬರೆದೆ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮನೆ ಬೆಲೆಯ ಶೇ 80ಕ್ಕಿಂತ ಹೆಚ್ಚು ಸಾಲ ಸಿಗುವುದಿಲ್ಲ. ಅಂದರೆ 56 ಲಕ್ಷ ಸಾಲ, 14 ಲಕ್ಷ ನಮ್ಮದು. ನೋಂದಣಿಯ ಖರ್ಚನ್ನು ಆ ಮನೆ ಬೆಲೆಗೆ ಸೇರಿಸುವಂತಿಲ್ಲ, ಅದು ಪೂರ್ತಿ ನಮ್ಮ ಜೇಬಿನಿಂದಲೇ ಹೋಗಬೇಕು. ಕರ್ನಾಟಕದಲ್ಲಿ ಇಂಥ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಮತ್ತು ನಗರದ ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು 2 ಆಗಿದೆ. ಒಟ್ಟು 7.6. ಎಪ್ಪತ್ತು ಲಕ್ಷಕ್ಕೆ 5,32,000 ರೂಪಾಯಿ. ಬ್ಯಾಂಕಿನ ಪ್ರೊಸೆಸಿಂಗ್, ವಕೀಲರ ಅಭಿಪ್ರಾಯ ಎಲ್ಲ ಸೇರಿ ಇನ್ನೊಂದು 18,000. ಹೀಗೆ ಮೊದಲ ದಿನವೇ ಮುಂಗಡವಾಗಿ ಹತ್ತೊಂಬತ್ತೂವರೆ ಲಕ್ಷ ಹೋಗುತ್ತದೆ. ಅದರಲ್ಲಿ ಐದೂವರೆ ಲಕ್ಷಕ್ಕೆ ಒಂದು ಇಟ್ಟಿಗೆಯೂ ಬರುವುದಿಲ್ಲ.

ಕಂತಿನ ಲೆಕ್ಕ ಎಕ್ಸೆಲ್‌ನಲ್ಲಿ ಒಂದು ಸಾಲು. ಬಡ್ಡಿ ಶೇ 8, ಅವಧಿ 20 ವರ್ಷ ಎಂದಿಟ್ಟುಕೊಂಡೆ.

```
=PMT(0.08/12,240,-5600000)
=PV(0.08/12,240,-46841)
```

ಮೊದಲ ಸಾಲಿಗೆ ತಿಂಗಳ ಕಂತು 46,841 ಬಂತು. ಮಾವನವರಿಗೆ ತೋರಿಸಿದ್ದು ಇದರ ಒಳಗಿನ ವಿಭಾಗವನ್ನು. ಮೊದಲ ತಿಂಗಳ ಕಂತಿನಲ್ಲಿ 37,333 ರೂಪಾಯಿ ಬರೀ ಬಡ್ಡಿ, ಅಸಲಿಗೆ ಹೋಗುವುದು ಒಂಬತ್ತೂವರೆ ಸಾವಿರ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ 38.6 ಲಕ್ಷ ಬಾಕಿ ಉಳಿದಿರುತ್ತದೆ. "ಮಾವ, ಬಾಡಿಗೆ 15,000 ಹೊಳೆಗೆ ಅಂದ್ರೆ, ಈ 37,000 ಎಲ್ಲಿಗೆ?" ಅಂತ ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಬಹಳ ಹೊತ್ತು ನೋಡಿದರು. "ಆದ್ರೂ ಮನೆ ನಮ್ಮದಾಗುತ್ತಲ್ಲಮ್ಮ" ಅಂದರು. ಅದೂ ಸರಿಯಾದ ಮಾತೇ. ಆ ಮನೆಗೆ ಮುಂದೆ ಬರುವ ಬೆಲೆಯನ್ನು ಲೆಕ್ಕದಿಂದ ಬಿಡುವಂತಿಲ್ಲ.

ಇಲ್ಲಿಂದ ಮುಂದೆ ಪ್ರಸ್ತುತ ಮೌಲ್ಯ ಬೇಕೇ ಬೇಕು. ಬಾಡಿಗೆ ತಿಂಗಳು ತಿಂಗಳು ಹೋಗುತ್ತದೆ, ಮುಂಗಡ ಇವತ್ತೇ ಹೋಗುತ್ತದೆ, ಮನೆ ಮಾರಿದ ದುಡ್ಡು ಹತ್ತು ವರ್ಷದ ಮೇಲೆ ಬರುತ್ತದೆ. ಬೇರೆ ಬೇರೆ ಕಾಲದ ರೂಪಾಯಿಗಳನ್ನು ಹಾಗೇ ಕೂಡಿಸಿ ಕಳೆದರೆ ಉತ್ತರಕ್ಕೆ ಅರ್ಥವಿರುವುದಿಲ್ಲ. ಎಲ್ಲವನ್ನೂ ಇವತ್ತಿನ ರೂಪಾಯಿಗೆ ತರಬೇಕು. ತಿಂಗಳ ಲೆಕ್ಕದಲ್ಲಿ ಶೇ 8 ಹಿಡಿದರೆ, ಹತ್ತು ವರ್ಷದ ಮೇಲೆ ಕೈಗೆ ಬರುವ ಒಂದು ಲಕ್ಷಕ್ಕೆ ಇವತ್ತಿನ ಬೆಲೆ ಸುಮಾರು 45,000.

ಇದು ಮಾವನವರ ತಲೆಗೆ ಹೋಗಿದ್ದು ಭೋಗ್ಯದ ಮಾತಿನಿಂದ. ಅವರು ತಮ್ಮ ಕಾಲದಲ್ಲಿ ಒಂದು ಮನೆ ಭೋಗ್ಯಕ್ಕೆ ಹಾಕಿಕೊಂಡಿದ್ದವರು. ದುಡ್ಡಿಗೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆ ಇಲ್ಲ ಎನ್ನುವ ಕರಾರು. ಅಲ್ಲಿ ದುಡ್ಡು ವಾಪಸ್ ಬಂದರೂ ಮನೆಯಲ್ಲಿ ಪುಕ್ಕಟೆ ಇದ್ದ ಹಾಗಲ್ಲ, ಆ ದುಡ್ಡು ದುಡಿಯಬೇಕಾಗಿದ್ದ ಬಡ್ಡಿಯೇ ಬಾಡಿಗೆಯಾಗಿ ಹೋಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಮುಂಗಡ ಹತ್ತೊಂಬತ್ತೂವರೆ ಲಕ್ಷದ್ದೂ ಅದೇ ಕಥೆ ಮಾವ" ಅಂದೆ. ತಲೆಯಾಡಿಸಿದರು.

ಯಾವ ದರ ಹಿಡಿಯಬೇಕು ಎನ್ನುವುದಕ್ಕೆ ನಾನು ಸ್ವಲ್ಪ ದಿನ ತೆಗೆದುಕೊಂಡೆ. ನಮ್ಮ ದುಡ್ಡು ಸ್ವಲ್ಪ ಪಿಪಿಎಫ್‌ನಲ್ಲಿ, ಸ್ವಲ್ಪ ಎಫ್.ಡಿ.ಯಲ್ಲಿ, ಸ್ವಲ್ಪ ಮ್ಯೂಚುವಲ್ ಫಂಡಿನಲ್ಲಿದೆ. ಒಂದೊಂದರ ಗಳಿಕೆ ಒಂದೊಂದು ಥರ. ಕೊನೆಗೆ ಸಾಲದ ಬಡ್ಡಿಯಾದ ಶೇ 8ನ್ನೇ ಹಿಡಿದೆ. ಅದಕ್ಕೆ ಕಾರಣವಿದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆಯೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಹಾಗಾಗಿ ಸಾಲ ಇರುವವರ ಕೈಯಲ್ಲಿ ಮಿಕ್ಕಿದ ಪ್ರತಿ ರೂಪಾಯಿಗೂ ಎಂಟರ ಗಳಿಕೆ ಖಾತ್ರಿ, ಸಾಲಕ್ಕೆ ಕಟ್ಟಿದರೆ ಸಾಕು. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಮೇಲಿನ ಎರಡನೇ ಸಾಲಿಗೆ ಎಕ್ಸೆಲ್ ಹೆಚ್ಚುಕಡಿಮೆ 56 ಲಕ್ಷವನ್ನೇ ತೋರಿಸುತ್ತದೆ. ಅಂದರೆ ಸಾಲದ ದರದಲ್ಲೇ ಹಿಂದಕ್ಕೆ ತಂದರೆ ಎಲ್ಲ ಕಂತುಗಳ ಇವತ್ತಿನ ಬೆಲೆ ಸಾಲದ ಮೊತ್ತವೇ. ಹತ್ತು ವರ್ಷಕ್ಕೆ ಮನೆ ಮಾರಿ ಬಾಕಿ ತೀರಿಸಿದರೂ ಅಷ್ಟೇ. ಸಾಲ ಹೆಚ್ಚು ತೆಗೆದರೆ ಲಾಭವೋ ಕಡಿಮೆ ತೆಗೆದರೆ ಲಾಭವೋ ಎನ್ನುವ ಚರ್ಚೆಯೇ ಲೆಕ್ಕದಿಂದ ಹೊರಗೆ ಹೋಯಿತು.

ಬೆಂಗಳೂರಿನಲ್ಲಿರುವ ಮೈದುನ ತನ್ನದೇ ಒಂದು ಶೀಟು ಕಳಿಸಿದ್ದ. ಅಚ್ಚುಕಟ್ಟಾಗಿತ್ತು, ಆದರೆ ಕೊಳ್ಳುವ ಕಡೆಯ ಖರ್ಚು ನನ್ನದಕ್ಕಿಂತ ತುಂಬಾ ಜಾಸ್ತಿ ತೋರಿಸುತ್ತಿತ್ತು. ಒಂದೊಂದೇ ಸಾಲು ತೆಗೆದು ನೋಡಿದಾಗ "ಮುಂಗಡದ ಮೇಲೆ ಕಳೆದುಕೊಂಡ ಗಳಿಕೆ" ಎಂದು ಬೇರೆ ಒಂದು ಸಾಲು ಇತ್ತು. ಹತ್ತೊಂಬತ್ತೂವರೆ ಲಕ್ಷ ಹತ್ತು ವರ್ಷ ಬೆಳೆದರೆ 43.3 ಲಕ್ಷ ಆಗುತ್ತಿತ್ತು, ಆದ್ದರಿಂದ 23.8 ಲಕ್ಷ ನಷ್ಟ ಎಂದು ಬರೆದು, ಅದನ್ನು ಇವತ್ತಿನ ಬೆಲೆಗೆ ತಂದು, ಮುಂಗಡದ ಜೊತೆ ಕೂಡಿಸಿದ್ದ. ಫೋನಿನಲ್ಲಿ ಅವನಿಗೆ ಹೇಳಿದೆ: ಹತ್ತು ವರ್ಷದ ಕೊನೆಯಲ್ಲಿ ನಮ್ಮ ಕೈತಪ್ಪಿದ್ದು 43.3 ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. ಅದನ್ನು ಎಂಟರ ದರದಲ್ಲಿ ಇವತ್ತಿಗೆ ತಂದರೆ ಬರುವುದು ಸರಿಯಾಗಿ ಹತ್ತೊಂಬತ್ತೂವರೆ ಲಕ್ಷ. ಅಂದಮೇಲೆ ಮುಂಗಡವನ್ನು ಇವತ್ತಿನ ಖರ್ಚು ಎಂದು ಪೂರ್ತಿ ಬರೆದ ಕ್ಷಣವೇ ಕಳೆದುಕೊಂಡ ಗಳಿಕೆಯೂ ಅದರೊಳಗೆ ಬಂತು. ಮತ್ತೆ ಬೇರೆ ಬರೆದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತೆ. ಇದನ್ನು ಕಂಡುಹಿಡಿಯುವುದು ಸುಲಭ. ಶೀಟಿನಲ್ಲಿ ಇವತ್ತಿನ ಬೆಲೆಗೆ ತರುವ ದರವೂ ಇದ್ದು, ಕಳೆದುಕೊಂಡ ಬಡ್ಡಿಯ ಸಾಲೂ ಇದ್ದರೆ ಎರಡರಲ್ಲಿ ಒಂದು ಹೋಗಬೇಕು. ವರ್ಷ ವರ್ಷದ ಖರ್ಚನ್ನು ಹಾಗೇ ಬರೆದುಕೊಂಡು ಹೋಗುವ, ಹಿಂದಕ್ಕೆ ತರದ ಲೆಕ್ಕದಲ್ಲಾದರೆ ಆ ಸಾಲು ಇರಲೇಬೇಕು.

ಈಗ ಲೆಕ್ಕಕ್ಕೆ ಬರುತ್ತೇನೆ. ಹತ್ತು ವರ್ಷ ಇದೇ ಮನೆಯಲ್ಲಿರುತ್ತೇವೆ, ಆಮೇಲೆ ಬಿಡುತ್ತೇವೆ ಅಥವಾ ಮಾರುತ್ತೇವೆ ಎಂದಿಟ್ಟುಕೊಂಡೆ. ಮಗಳ ಓದು ಅಷ್ಟರಲ್ಲಿ ಒಂದು ಹಂತಕ್ಕೆ ಬಂದಿರುತ್ತದೆ.

ಬಾಡಿಗೆಗೇ ಇದ್ದರೆ: ತಿಂಗಳಿಗೆ 15,000, ವರ್ಷಕ್ಕೆ ಶೇ 5 ಏರಿಕೆ, ನಮ್ಮ ಕರಾರಿನಲ್ಲಿರುವುದೂ ಅದೇ. ಹತ್ತು ವರ್ಷದ ಬಾಡಿಗೆಯ ಇವತ್ತಿನ ಬೆಲೆ 15.06 ಲಕ್ಷ. ಅಡ್ವಾನ್ಸ್ ಒಂದೂವರೆ ಲಕ್ಷ ಕೊನೆಗೆ ವಾಪಸ್ ಬಂದರೂ ಬಡ್ಡಿ ಇಲ್ಲದೆ ಕೂತಿರುತ್ತದೆ, ಅದರ ನಷ್ಟ 82,000. ಒಟ್ಟು 15.9 ಲಕ್ಷ.

ಕೊಂಡರೆ: ಮೊದಲ ದಿನದ 19.5, ಸಾಲದ 56. ಕಂದಾಯ, ಸುಣ್ಣಬಣ್ಣ, ಮೋಟಾರು, ತಾರಸಿಯ ಸೋರಿಕೆ ಎಂದು ವರ್ಷಕ್ಕೆ 50,000 ಇಟ್ಟು ಅದಕ್ಕೂ ಶೇ 5 ಏರಿಕೆ ಕೊಟ್ಟೆ, ಅದು 4 ಲಕ್ಷ ಆಯಿತು. ಒಟ್ಟು 79.5 ಲಕ್ಷ. ಇದರಿಂದ ಹತ್ತು ವರ್ಷದ ಮೇಲೆ ಮನೆ ಮಾರಿದ ದುಡ್ಡಿನ ಇವತ್ತಿನ ಬೆಲೆಯನ್ನು ಕಳೆಯಬೇಕು.

ಎಷ್ಟಕ್ಕೆ ಮಾರಬಹುದು ಎಂದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಬೆಲೆಯನ್ನು ಊಹಿಸದೆ ಪ್ರಶ್ನೆಯನ್ನೇ ತಿರುಗಿಸಿ ಹಾಕಿದೆ. ಎರಡು ಕಡೆಯೂ ಸಮ ಆಗಬೇಕಾದರೆ ಮನೆ ಎಷ್ಟಕ್ಕೆ ಹೋಗಬೇಕು? ಬ್ರೋಕರಿಗೆ ಶೇ 2 ಬಿಟ್ಟು ಲೆಕ್ಕ ಹಾಕಿದರೆ 1 ಕೋಟಿ 44 ಲಕ್ಷ. ಎಪ್ಪತ್ತು ಲಕ್ಷದ ಮನೆ ವರ್ಷಕ್ಕೆ ಶೇ 7.5ರಂತೆ ಬಿಡದೆ ಏರಬೇಕು. ಏರಿಕೆ ಬರೀ 5 ಆದರೆ ಕೊಳ್ಳುವುದು ಇವತ್ತಿನ ರೂಪಾಯಿಯಲ್ಲಿ 13 ಲಕ್ಷ ದುಬಾರಿ. 9 ಆದರೆ ಕೊಂಡವರಿಗೇ ಒಂಬತ್ತೂವರೆ ಲಕ್ಷ ಲಾಭ. ಮನೆ ಮಾರಿದಾಗಿನ ಲಾಭದ ಮೇಲಿನ ತೆರಿಗೆಯನ್ನು ಇಲ್ಲಿ ಹಿಡಿದಿಲ್ಲ. ವರ್ಷ ವರ್ಷದ ಆದಾಯ ತೆರಿಗೆ ನಮ್ಮ ಲೆಕ್ಕವನ್ನು ಅಲುಗಾಡಿಸಲಿಲ್ಲ. ನಾವಿಬ್ಬರೂ ಹೊಸ ಪದ್ಧತಿಯಲ್ಲಿದ್ದೇವೆ, ಅದರಲ್ಲಿ ವಾಸದ ಮನೆಯ ಬಡ್ಡಿಗೂ ವಿನಾಯಿತಿ ಇಲ್ಲ, ಬಾಡಿಗೆ ಭತ್ಯೆಗೂ ಇಲ್ಲ. ಹಳೆಯ ಪದ್ಧತಿಯಲ್ಲಿರುವವರು ಎರಡನ್ನೂ ಸೇರಿಸಿಕೊಳ್ಳಬೇಕು.

ಉಳಿದ ಅಂಕಿಗಳನ್ನು ಅತ್ತಿತ್ತ ಮಾಡಿ ನೋಡಿದೆ. ಯಾವುದು ಉತ್ತರವನ್ನು ಬದಲಿಸುತ್ತದೆ, ಯಾವುದು ಬದಲಿಸುವುದಿಲ್ಲ ಎಂದು ಗೊತ್ತಾಗುವುದು ಆಗಲೇ. ಓನರ್ ಬಿಡಿಸಿದರೆ ಸಾಮಾನು ಸಾಗಿಸುವ ಖರ್ಚು, ಹೊಸ ಮನೆಗೆ ಬ್ರೋಕರು ಎಂದು ಇವತ್ತಿನ ಬೆಲೆಯಲ್ಲಿ ಪೂರ್ತಿ ಒಂದು ಲಕ್ಷ ಬಾಡಿಗೆ ಕಡೆಗೆ ಸೇರಿಸಿದರೂ 7.5 ಇದ್ದದ್ದು 7.3 ಆಗುತ್ತದೆ ಅಷ್ಟೆ. ಇರುವ ಅವಧಿ ಮಾತ್ರ ದೊಡ್ಡದು. ನಾಲ್ಕೇ ವರ್ಷಕ್ಕೆ ಮಾರಬೇಕಾಗಿ ಬಂದರೆ ಮನೆ ವರ್ಷಕ್ಕೆ ಶೇ 9 ಏರಿರಬೇಕು, ಏಕೆಂದರೆ ನೋಂದಣಿಯ ಐದೂವರೆ ಲಕ್ಷ ನಾಲ್ಕು ವರ್ಷದಲ್ಲೇ ಹುಟ್ಟಬೇಕು. ಹಾಗೆಂದು ಇಪ್ಪತ್ತು ವರ್ಷ ಇದ್ದರೂ 7.1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ದರದ ಆಯ್ಕೆಯೂ ದೊಡ್ಡದೇ. ತೆರಿಗೆ ಕಳೆದು ಎಫ್.ಡಿ.ಯಲ್ಲಿ ಶೇ 6 ಸಿಗುತ್ತದೆ, ಅದು ಬಿಟ್ಟು ಬೇರೆಲ್ಲೂ ಹಾಕುವುದಿಲ್ಲ ಎನ್ನುವವರಿಗೆ ಸಮ ಆಗುವ ಏರಿಕೆ 6.4ಕ್ಕೆ ಇಳಿಯುತ್ತದೆ. ಹೆಚ್ಚು ಗಳಿಸಬಲ್ಲವರಿಗೆ ಅದು ಮೇಲಕ್ಕೆ ಹೋಗುತ್ತದೆ. ಒಂದೇ ಮನೆ, ಒಂದೇ ಬೆಲೆ, ಕೊಳ್ಳುವವರ ದುಡ್ಡು ಬೇರೆ ಎಲ್ಲಿ ದುಡಿಯುತ್ತದೆ ಎನ್ನುವುದರ ಮೇಲೆ ಉತ್ತರ ಬೇರೆ.

ಶೇ 7.5 ಏರಿಕೆ ಎಂದಾಗ ನಮ್ಮೆಜಮಾನ್ರು "ತುಮಕೂರಲ್ಲಿ ಅದೇನು ದೊಡ್ಡದು, ಸೈಟಿನ ರೇಟು ಅದಕ್ಕಿಂತ ಜೋರಾಗೇ ಏರಿದೆಯಲ್ಲ" ಅಂದರು. ಅಲ್ಲಿಯೇ ನಾನು ಹೆಚ್ಚು ಹೊತ್ತು ನಿಂತದ್ದು. ಏರುವುದು ಸೈಟು. ಕಟ್ಟಡ ಹಳತಾಗುತ್ತದೆ. ಈ ಮನೆಯ ಎಪ್ಪತ್ತು ಲಕ್ಷದಲ್ಲಿ ಸೈಟು ಎಷ್ಟು ಎಂದು ಬಿಡಿಸಿದೆ. ನಮ್ಮ ಬೀದಿಯಲ್ಲಿ ಖಾಲಿ ಸೈಟಿಗೆ ಚದರಡಿಗೆ 3,500 ಹೇಳುತ್ತಾರೆ, 1,200 ಚದರಡಿಗೆ 42 ಲಕ್ಷ. ಉಳಿದ 28 ಲಕ್ಷ ಕಟ್ಟಡದ್ದು. ಹತ್ತು ವರ್ಷ ಹಳೆಯದಾದ ಮೇಲೂ ಕಟ್ಟಡಕ್ಕೆ ಅದೇ 28 ಲಕ್ಷ ಬರುತ್ತದೆ ಎಂದು ಉದಾರವಾಗಿಯೇ ಹಿಡಿದೆ, ಸಿಮೆಂಟು ಕಬ್ಬಿಣದ ಬೆಲೆಯೂ ಏರುತ್ತದಲ್ಲ. ಆಗ ಒಂದು ಕೋಟಿ ನಲವತ್ತನಾಲ್ಕು ಲಕ್ಷ ಮುಟ್ಟಬೇಕಾದರೆ ಸೈಟೊಂದೇ 42ರಿಂದ 116 ಲಕ್ಷಕ್ಕೆ ಹೋಗಬೇಕು. ಅದು ವರ್ಷಕ್ಕೆ ಶೇ 10.7. ಮನೆ 7.5 ಏರಬೇಕು ಎನ್ನುವ ಮಾತಿನ ಹೊಟ್ಟೆಯೊಳಗೆ ಇದು ಅಡಗಿತ್ತು.

ಹಿಂದೆ ಎಷ್ಟು ಏರಿದೆ? ಇ.ಸಿ. ತೆಗೆಸಿದರೆ ಹಳೆಯ ಕ್ರಯದ ಮೊತ್ತ ಕಾಣುತ್ತದೆ, ಆದರೆ ಪತ್ರದಲ್ಲಿ ಬರೆಸಿದ ಬೆಲೆಯೂ ಕೈಯಲ್ಲಿ ಎಣಿಸಿದ ಬೆಲೆಯೂ ಒಂದೇ ಎಂದು ನಂಬುವಂತಿಲ್ಲ. ಓನರ್ ಹತ್ತಿರವೇ ಕೇಳಿದೆ. ವಯಸ್ಸಾದವರು, ಮುಚ್ಚುಮರೆ ಇಲ್ಲ. "2011ರಲ್ಲಿ ಸೈಟಿಗೆ ಎಲ್ಲಾ ಸೇರಿ ಹನ್ನೊಂದು ಲಕ್ಷ ಆಯ್ತಮ್ಮ. ಆಗ ಇಲ್ಲಿ ಟಾರು ರೋಡೂ ಇರಲಿಲ್ಲ, ಚರಂಡಿಯೂ ಇರಲಿಲ್ಲ, ಟ್ಯಾಂಕರ್ ತರಿಸ್ತಿದ್ವಿ" ಅಂದರು. ಹನ್ನೊಂದರಿಂದ ನಲವತ್ತೆರಡು, ಹದಿನಾಲ್ಕು ವರ್ಷ: ವರ್ಷಕ್ಕೆ ಶೇ 10. ಕೇಳುವುದಕ್ಕೆ ಬೇಕಾದ 10.7ರ ಹತ್ತಿರವೇ ಇದೆ. ಆದರೆ ಅವರ ಮಾತಿನ ಎರಡನೇ ಭಾಗ ನನಗೆ ಮುಖ್ಯವಾಯಿತು. ಆ ಏರಿಕೆಯಲ್ಲಿ ರಸ್ತೆ, ಚರಂಡಿ, ಹೇಮಾವತಿ ನೀರು ಬಂದದ್ದರ ಪಾಲು ಸೇರಿದೆ. ಅವು ಒಂದು ಬೀದಿಗೆ ಒಂದೇ ಸಲ ಬರುತ್ತವೆ. ಬೆಂಗಳೂರಿನಿಂದ ಮೆಟ್ರೋ ಬರುತ್ತದೆ ಎನ್ನುವ ಮಾತು ಬ್ರೋಕರುಗಳ ಬಾಯಲ್ಲಿ ದಿನವೂ ಇದೆ, ಆದರೆ ಆ ಮಾತಿಗೆ ಬೆಲೆ ಕಟ್ಟಿಯೇ ಇವತ್ತು ಚದರಡಿಗೆ 3,500 ಕೇಳುತ್ತಿದ್ದಾರೆ. ಆದ್ದರಿಂದ ಮುಂದಿನ ಹತ್ತು ವರ್ಷಕ್ಕೆ ನಾನು ಸೈಟಿಗೆ ಶೇ 9 ಹಿಡಿದೆ. ಇದು ನನ್ನ ಅಂದಾಜು, ಬೇರೆಯವರು ಬೇರೆ ಹಿಡಿಯಬಹುದು.

ಹಾಗೆ ಹಿಡಿದ ಮೇಲೆ ಕೊನೆಯ ಲೆಕ್ಕ. ಸೈಟು ಹತ್ತು ವರ್ಷಕ್ಕೆ 99.4 ಲಕ್ಷ, ಕಟ್ಟಡ 28, ಬ್ರೋಕರಿಗೆ ಕೊಟ್ಟು ಉಳಿಯುವುದು 124.9, ಇವತ್ತಿನ ಬೆಲೆಯಲ್ಲಿ 56.3 ಲಕ್ಷ. ಇದಕ್ಕೆ ಬಾಡಿಗೆಯ 15.9 ಸೇರಿಸಿ, ನಿರ್ವಹಣೆ ಮತ್ತು ಬ್ಯಾಂಕಿನ ಖರ್ಚು ಕಳೆದು, ನೋಂದಣಿ ಸೇರಿ 1.076ರಿಂದ ಭಾಗಿಸಿದರೆ ನಾವು ಕೊಡಬಹುದಾದ ಬೆಲೆ ಬಂತು: 63 ಲಕ್ಷ.

ನಮ್ಮೆಜಮಾನ್ರು ಎತ್ತಿದ ಒಂದು ಆಕ್ಷೇಪ ಮಾತ್ರ ಎಕ್ಸೆಲ್‌ಗೆ ಸಿಗುವಂಥದ್ದಲ್ಲ. "ಕಂತು ಅಂದ್ರೆ ಹೇಗಾದ್ರೂ ಕಟ್ತೀವಿ. ಬಾಡಿಗೆಗೆ ಇದ್ರೆ ಮಿಕ್ಕಿದ್ದನ್ನ ನಿಜವಾಗ್ಲೂ ಉಳಿಸ್ತೀವಾ?" ಬಾಡಿಗೆಯ ಕಡೆಯ ಲೆಕ್ಕವೆಲ್ಲ ನಿಂತಿರುವುದು ಇದೇ ನಂಬಿಕೆಯ ಮೇಲೆ. ಮುಂಗಡದ ಹತ್ತೊಂಬತ್ತೂವರೆ ಲಕ್ಷ ಮುಟ್ಟದೆ ಇರಬೇಕು, ಕಂತಿಗೂ ಬಾಡಿಗೆಗೂ ಇರುವ ಸುಮಾರು 31,800ರ ವ್ಯತ್ಯಾಸ ತಿಂಗಳು ತಿಂಗಳು ಹೂಡಿಕೆಗೆ ಹೋಗಬೇಕು. ಅದು ಮದುವೆ ಮುಂಜಿಗೋ ಕಾರಿಗೋ ಹೋದರೆ ಶೇ 8ರ ಗಳಿಕೆ ಕಾಗದದ ಮೇಲಿನದ್ದಾಗುತ್ತದೆ. ಸಂಬಳ ಬಂದ ಮರುದಿನವೇ 31,000 ಕಡಿತವಾಗುವ ಹಾಗೆ ಬ್ಯಾಂಕಿಗೆ ಬರೆದುಕೊಟ್ಟೆವು. ಅದರಲ್ಲಿ ಅರ್ಧ ಆರ್.ಡಿ.ಗೆ, ಅರ್ಧ ಎಸ್ಐಪಿಗೆ.

ಓನರ್‌ಗೆ 63 ಎಂದು ಹೇಳಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ, ಮಗನನ್ನು ಕೇಳಿ ಹೇಳುತ್ತೇನೆ ಅಂದರು. ಮಗ ಬಂದು ಕೂತು ಮಾತಾಡಿ 67ಕ್ಕೆ ಇಳಿದರು. ಅಂದು ರಾತ್ರಿ ಶೀಟಿನಲ್ಲಿ ಸೈಟಿನ ಏರಿಕೆಯನ್ನು 9ರ ಬದಲು 10 ಮಾಡಿ ನೋಡಿದೆ, ಕೊಡಬಹುದಾದ ಬೆಲೆ ಸರಿಯಾಗಿ 67 ಲಕ್ಷವೇ ಬಂತು. ಅವರಿಗೂ ನಮಗೂ ನಡುವೆ ಇದ್ದ ನಾಲ್ಕು ಲಕ್ಷ ಆ ಒಂದು ಶೇಕಡಾ. ಕಳೆದ ಹದಿನಾಲ್ಕು ವರ್ಷ ಕಂಡವರು 10 ಎನ್ನುತ್ತಾರೆ, ಅವರದು ತಪ್ಪಲ್ಲ. ನಾವು 63ರಲ್ಲೇ ನಿಂತೆವು. ಕರಾರನ್ನು ಇನ್ನೊಂದು 11 ತಿಂಗಳಿಗೆ ಬರೆಸಿದೆವು, ಬಾಡಿಗೆ 15,750, ಮನೆ ಮಾರಿದರೆ ಮೂರು ತಿಂಗಳ ಮುಂಚೆ ತಿಳಿಸಬೇಕು ಎನ್ನುವ ಷರತ್ತು ಹೊಸದಾಗಿ ಸೇರಿಸಿ.